ಬೆಳ್ಳಿಯಾಗಿ ಬಂದ ಬಂಗಾರ: 19ನೇ ಶತಮಾನದ ಚಿನ್ನದ ಶೋಧಗಳು ಮತ್ತು ಹಾವೇರಿ ಸೀಮೆಯ ಬೆಲೆಗಳು

1848ರ ಜನವರಿ 24ರಂದು ಕ್ಯಾಲಿಫೋರ್ನಿಯಾದ ಕೊಲೋಮಾ ಎಂಬಲ್ಲಿ ಜಾನ್ ಸಟ್ಟರ್‌ಗೆ ಸೇರಿದ ಮರ ಕೊಯ್ಯುವ ಗಿರಣಿಯ ನೀರುಗಾಲುವೆಯಲ್ಲಿ ಜೇಮ್ಸ್ ಮಾರ್ಷಲ್ ಎಂಬ ಬಡಗಿಗೆ ಚಿನ್ನದ ಕಾಳುಗಳು ಸಿಕ್ಕವು. ಮೂರು ವರ್ಷಗಳ ನಂತರ, 1851ರಲ್ಲಿ, ಎಡ್ವರ್ಡ್ ಹಾರ್‌ಗ್ರೇವ್ಸ್ ಆಸ್ಟ್ರೇಲಿಯಾದ ಬಾಥರ್ಸ್ಟ್ ಹತ್ತಿರ ಚಿನ್ನ ಕಂಡ. ಅದೇ ವರ್ಷ ವಿಕ್ಟೋರಿಯಾದ ಬ್ಯಾಲರಾಟ್ ಮತ್ತು ಬೆಂಡಿಗೋಗಳಲ್ಲಿ ಅದಕ್ಕಿಂತ ಎಷ್ಟೋ ಸಮೃದ್ಧವಾದ ನೆಲೆಗಳು ತೆರೆದುಕೊಂಡವು. 1840ರ ದಶಕದಲ್ಲಿ ಜಗತ್ತಿನ ವಾರ್ಷಿಕ ಚಿನ್ನದ ಉತ್ಪಾದನೆ ಸರಾಸರಿ ಸುಮಾರು 55 ಟನ್ ಇತ್ತು. 1850ರ ದಶಕದಲ್ಲಿ ಅದು 200 ಟನ್ನಿನ ಹತ್ತಿರ ಬಂತು. ಜರ್ಮನ್ ಅಂಕಿ-ಅಂಶ ತಜ್ಞ ಅಡಾಲ್ಫ್ ಸೋಟ್‌ಬೇರ್ ಹಾಕಿದ ಲೆಕ್ಕ ಇನ್ನೂ ಬೆರಗು ಹುಟ್ಟಿಸುತ್ತದೆ: ಕೊಲಂಬಸ್ ಕಾಲದಿಂದ 1850ರವರೆಗಿನ ಮೂರೂವರೆ ಶತಮಾನಗಳಲ್ಲಿ ನೆಲದಿಂದ ಎಷ್ಟು ಚಿನ್ನ ಹೊರಬಂದಿತ್ತೋ, ಹೆಚ್ಚುಕಡಿಮೆ ಅಷ್ಟೇ ಚಿನ್ನ 1851ರಿಂದ 1875ರೊಳಗಿನ ಇಪ್ಪತ್ತೈದೇ ವರ್ಷಗಳಲ್ಲಿ ಹೊರಬಂತು.

ಇಷ್ಟೊಂದು ಚಿನ್ನ ಬಂದರೆ ಅದರ ಬೆಲೆ ಇಳಿಯಬೇಕಲ್ಲವೇ? ಆದರೆ ಚಿನ್ನದ ಪ್ರಮಾಣವನ್ನು ಪಾಲಿಸುವ ದೇಶದಲ್ಲಿ ಚಿನ್ನದ ಬೆಲೆ ಇಳಿಯಲು ಅವಕಾಶವೇ ಇರಲಿಲ್ಲ. ಲಂಡನ್ನಿನಲ್ಲಿ ಒಂದು ಔನ್ಸ್ 22 ಕ್ಯಾರೆಟ್ ಚಿನ್ನಕ್ಕೆ 3 ಪೌಂಡ್ 17 ಶಿಲ್ಲಿಂಗ್ 10½ ಪೆನ್ಸ್ ಎಂದು ಕಾನೂನೇ ಗೊತ್ತುಮಾಡಿತ್ತು. ಯಾರೇ ಆಗಲಿ ಚಿನ್ನ ತಂದರೆ ಟಂಕಸಾಲೆ ಆ ದರದಲ್ಲಿ ಅದನ್ನು ಪೌಂಡ್ ನಾಣ್ಯವಾಗಿ ಒತ್ತಿ ಕೊಡಬೇಕಿತ್ತು. ಪೌಂಡ್ ಎಂಬುದೇ ಒಂದು ತೂಕದ ಚಿನ್ನವಾಗಿದ್ದ ಮೇಲೆ ಚಿನ್ನ ಹೇರಳವಾದದ್ದು ಮಿಕ್ಕ ಸರಕುಗಳ ಬೆಲೆಯಲ್ಲೇ ಕಾಣಿಸಿಕೊಳ್ಳಬೇಕು. ಗೋಧಿ, ಉಣ್ಣೆ, ಕಬ್ಬಿಣ, ಕೂಲಿ ಎಲ್ಲವೂ ಏರುತ್ತವೆ. ಚಿನ್ನ ವಿರಳವಾದರೆ ಅವೆಲ್ಲವೂ ಇಳಿಯುತ್ತವೆ. ಈ ಏರಿಕೆ ಗಣಿಯ ಬಾಯಲ್ಲೇ ಶುರುವಾಗುತ್ತದೆ. ಗಣಿಯ ಊರಿನಲ್ಲಿ ಎಲ್ಲರ ಕೈಯಲ್ಲೂ ಚಿನ್ನವಿದ್ದು ಸರಕು ಕಡಿಮೆ ಇರುವುದರಿಂದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೋಳಿಮೊಟ್ಟೆ ಒಂದೊಂದು ಡಾಲರಿಗೆ ಮಾರಾಟವಾಯಿತು. ಆ ಬೆಲೆಯ ಆಸೆಗೆ ಹೊರಗಿನ ಹಡಗುಗಳು ಸರಕು ಹೇರಿಕೊಂಡು ಬರುತ್ತವೆ, ಹೋಗುವಾಗ ಚಿನ್ನ ಒಯ್ಯುತ್ತವೆ. ಹೀಗೆ ವ್ಯಾಪಾರದ ದಾರಿ ಹಿಡಿದು ಬೆಲೆಯೇರಿಕೆ ಒಂದು ದೇಶದಿಂದ ಇನ್ನೊಂದಕ್ಕೆ ಹರಡುತ್ತದೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಊರುಗಳು. ರಾಣೆಬೆನ್ನೂರು ತಾಲ್ಲೂಕು ಕೇಂದ್ರವಾಗಿತ್ತು. ಹಾವೇರಿ ಕರಜಗಿ ತಾಲ್ಲೂಕಿಗೆ ಸೇರಿತ್ತು. ಇಲ್ಲಿನ ಎರೆಭೂಮಿಯ ಹತ್ತಿ ಚಕ್ಕಡಿಯ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಮುಂಬಯಿಗೂ ಇಂಗ್ಲೆಂಡಿಗೂ ಸಾಗುತ್ತಿತ್ತು. ಈ ಸೀಮೆಯ ಜವಾರಿ ಹತ್ತಿಗೆ ಪೇಟೆಯಲ್ಲಿ ಕುಮಟಾ ಹತ್ತಿಯೆಂದೇ ಹೆಸರು ಬಿದ್ದಿತ್ತು. 1840ರ ದಶಕದಿಂದ ಇಲ್ಲಿ ಬೆಳೆಯತೊಡಗಿದ ಅಮೆರಿಕದ ತಳಿ ಧಾರವಾಡ-ಅಮೆರಿಕನ್ ಎನ್ನಿಸಿಕೊಂಡಿತು. ಮಲೆನಾಡಿನ ಯಾಲಕ್ಕಿ ಹಾವೇರಿಗೆ ಬಂದು ಇಲ್ಲಿನ ಬಾವಿಯ ನೀರಿನಲ್ಲಿ ತೊಳೆಸಿಕೊಂಡು ಬೆಳ್ಳಗಾಗಿ ಹೊರಗೆ ಹೋಗುತ್ತಿತ್ತು. ಹೀಗೆ ಹೊರಗಿನ ಜಗತ್ತಿಗೆ ಸರಕು ಕಳಿಸುತ್ತಿದ್ದ ಸೀಮೆಗೆ ಕ್ಯಾಲಿಫೋರ್ನಿಯಾದ ಚಿನ್ನದ ಅಲೆ ತಟ್ಟದೆ ಇರುವಂತಿರಲಿಲ್ಲ. ಆದರೆ ಅದು ತಟ್ಟಿದ್ದು ಬೆಳ್ಳಿಯ ರೂಪದಲ್ಲಿ. ಏಕೆಂದರೆ ಇಲ್ಲಿನ ಹಣ ಬೆಳ್ಳಿಯ ಹಣ. 1835ರ ಕಾಯಿದೆಯಿಂದ ಕಂಪನಿ ಸರಕಾರದ ಪ್ರದೇಶಗಳಿಗೆಲ್ಲ ಒಂದೇ ತೂಕದ ಬೆಳ್ಳಿ ರೂಪಾಯಿ ಬಂದಿತ್ತು. ಅದರ ತೂಕ ಸರಿಯಾಗಿ ಒಂದು ತೊಲ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಬೆಳ್ಳಿ ತಂದವರಿಗೆ ಮುಂಬಯಿ ಟಂಕಸಾಲೆ ಚಿಕ್ಕದೊಂದು ಕೂಲಿ ಹಿಡಿದುಕೊಂಡು ರೂಪಾಯಿ ಒತ್ತಿ ಕೊಡುತ್ತಿತ್ತು.

ಚಿನ್ನ ಬೆಳ್ಳಿಯಾಗಿ ಬದಲಾದದ್ದು ಫ್ರಾನ್ಸಿನಲ್ಲಿ. ಫ್ರಾನ್ಸ್ 1803ರಿಂದ ಎರಡೂ ಲೋಹಗಳ ನಾಣ್ಯ ಇಟ್ಟುಕೊಂಡಿತ್ತು. ಒಂದು ತೂಕ ಚಿನ್ನಕ್ಕೆ ಹದಿನೈದೂವರೆ ತೂಕ ಬೆಳ್ಳಿ ಎಂಬುದು ಅಲ್ಲಿನ ಕಾನೂನಿನ ದರ. 1850ರ ನಂತರ ಪೇಟೆಯಲ್ಲಿ ಚಿನ್ನ ಈ ದರಕ್ಕಿಂತ ಸ್ವಲ್ಪ ಅಗ್ಗವಾಯಿತು. ವ್ಯಾಪಾರಿಗಳಿಗೆ ಅಷ್ಟು ಸಾಕಿತ್ತು. ಅವರು ಹೊಸ ಚಿನ್ನವನ್ನು ಪ್ಯಾರಿಸ್ಸಿನ ಟಂಕಸಾಲೆಗೆ ಕೊಟ್ಟು ನಾಣ್ಯ ಮಾಡಿಸಿದರು, ಚಲಾವಣೆಯಲ್ಲಿದ್ದ ಬೆಳ್ಳಿ ನಾಣ್ಯಗಳನ್ನು ಕೂಡಿಸಿ ಕರಗಿಸಿ ಪೂರ್ವದೇಶಗಳಿಗೆ ಸಾಗಿಸಿದರು. ಫ್ರಾನ್ಸಿನ ಜನರ ಕಿಸೆಯಲ್ಲಿದ್ದ ಬೆಳ್ಳಿ ಹಣ ಕೆಲವೇ ವರ್ಷಗಳಲ್ಲಿ ಚಿನ್ನದ ಹಣವಾಯಿತು. ಅಲ್ಲಿಂದ ಹೊರಟ ಬೆಳ್ಳಿಯ ದೊಡ್ಡ ಪಾಲು ಬಂದದ್ದು ಭಾರತಕ್ಕೆ. 1855-56ರಿಂದ 1865-66ರವರೆಗಿನ ಹನ್ನೊಂದು ವರ್ಷಗಳಲ್ಲಿ ಹೊರಹೋದದ್ದನ್ನು ಕಳೆದು ಭಾರತ ಆಮದು ಮಾಡಿಕೊಂಡ ಬೆಳ್ಳಿಯ ಮೌಲ್ಯ 110 ಕೋಟಿ ರೂಪಾಯಿಗೂ ಮಿಕ್ಕಿತು. ರೈಲುದಾರಿ ಹಾಕಲು ಬಂದ ಬ್ರಿಟಿಷ್ ಬಂಡವಾಳ, 1857ರ ದಂಗೆಯನ್ನು ಅಡಗಿಸಲು ಆದ ಖರ್ಚು, ನೀಲಿ, ಅಫೀಮು, ಹತ್ತಿಯ ರಫ್ತು ಇವೆಲ್ಲ ಇದಕ್ಕೆ ಕಾರಣಗಳು. ಅಷ್ಟೊಂದು ಬೆಳ್ಳಿ ಯುರೋಪಿನಲ್ಲಿ ಸಿಕ್ಕುವಂತೆ ಮಾಡಿದ್ದು ಮಾತ್ರ ಕ್ಯಾಲಿಫೋರ್ನಿಯಾ ಮತ್ತು ಆಸ್ಟ್ರೇಲಿಯಾಗಳ ಚಿನ್ನ.

ಚಿನ್ನದ ಸಂಗ್ರಹ ಅಷ್ಟು ಬೆಳೆದರೂ ಯುರೋಪಿನ ಬೆಲೆಗಳು ಏಕೆ ಇಮ್ಮಡಿಯಾಗಲಿಲ್ಲ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಲಂಡನ್ನಿನ ಉಣ್ಣೆ ವ್ಯಾಪಾರಿ ಆಗಸ್ಟಸ್ ಸಾವರ್‌ಬೆಕ್ ಸಗಟು ಸರಕುಗಳ ಬೆಲೆಗಳನ್ನು ಕೂಡಿಸಿ ಒಂದು ಸೂಚ್ಯಂಕ ಮಾಡಿದ. 1867-77ರ ಸರಾಸರಿಯನ್ನು 100 ಎಂದು ಹಿಡಿದರೆ ಅದು 1849ರಲ್ಲಿ 74 ಇದ್ದು 1857ರಲ್ಲಿ 105ಕ್ಕೆ ಏರಿತ್ತು. ಮರುವರ್ಷದ ವ್ಯಾಪಾರ ಕುಸಿತದಲ್ಲಿ ಅದು ಮತ್ತೆ ಕೆಳಗಿಳಿಯಿತು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಸ್ಟ್ಯಾನ್ಲಿ ಜೆವನ್ಸ್ 1863ರಲ್ಲಿ ಪ್ರಕಟಿಸಿದ ಕಿರುಪುಸ್ತಕದಲ್ಲಿ ಯುದ್ಧ, ಸಾಲ, ಸಟ್ಟಾ ವ್ಯಾಪಾರದ ಏರಿಳಿತಗಳನ್ನು ಬದಿಗಿಟ್ಟು, ಚಿನ್ನದ ಕೊಳ್ಳುವ ಶಕ್ತಿ ಶೇಕಡಾ 9ರಷ್ಟಾದರೂ ತಗ್ಗಿದೆ ಎಂದು ತೋರಿಸಿದ. ಹಲವರು ಭಯಪಟ್ಟದ್ದಕ್ಕಿಂತ ಇದು ಎಷ್ಟೋ ಕಡಿಮೆ. ಹೊಸ ಚಿನ್ನ ಫ್ರಾನ್ಸಿನಲ್ಲಿ ಬೆಳ್ಳಿಯ ಜಾಗ ತುಂಬಿತು, ಬಿಡುಗಡೆಯಾದ ಬೆಳ್ಳಿಯನ್ನು ಭಾರತ ಹೀರಿಕೊಂಡಿತು, ವ್ಯಾಪಾರವೂ ಜೊತೆಗೇ ಬೆಳೆಯಿತು. ಫ್ರೆಂಚ್ ಅರ್ಥಶಾಸ್ತ್ರಜ್ಞ ಮಿಶೆಲ್ ಶೆವಾಲಿಯೆ ತನ್ನ ದೇಶದ ಬೆಳ್ಳಿ ನಾಣ್ಯವನ್ನು ಚಿನ್ನದ ಬೀಳುವಿಕೆಯನ್ನು ತಡೆದ ಪ್ಯಾರಾಚೂಟು ಎಂದು ಬಣ್ಣಿಸಿದ್ದು ಇದೇ ಕಾರಣಕ್ಕೆ. ಆ ಪ್ಯಾರಾಚೂಟಿನ ಇನ್ನೊಂದು ತುದಿ ಭಾರತದ ಹಳ್ಳಿಗಳಲ್ಲಿತ್ತು ಎಂಬುದು ಯುರೋಪಿನ ಗ್ರಂಥಗಳಲ್ಲಿ ಅಷ್ಟಾಗಿ ಎದ್ದು ಕಾಣುವುದಿಲ್ಲ.

ಧಾರವಾಡ ಜಿಲ್ಲೆಯ ರೈತನಿಗೆ ಈ ಬೆಳ್ಳಿಯ ಲಾಭ ಮೊದಲು ತಿಳಿದದ್ದು ಕಂದಾಯದಲ್ಲಿ. ಕ್ಯಾಪ್ಟನ್ ಜಾರ್ಜ್ ವಿಂಗೇಟ್ ಮೇಲ್ವಿಚಾರಣೆಯಲ್ಲಿ 1840ರ ದಶಕದಲ್ಲಿ ಈ ಸೀಮೆಯ ಭೂಮಿ ಅಳೆದು, ಮೂವತ್ತು ವರ್ಷಕ್ಕೆ ಬದಲಾಗದ ದರವನ್ನು ರೂಪಾಯಿಯಲ್ಲಿ ಗೊತ್ತುಮಾಡಲಾಗಿತ್ತು. ಆಗ ಬೆಲೆಗಳು ನೆಲಕಚ್ಚಿದ್ದವು. ಕಂದಾಯ ಕಟ್ಟಲು ರೈತ ಹೆಚ್ಚು ಜೋಳ, ಹೆಚ್ಚು ಹತ್ತಿ ಮಾರಬೇಕಿತ್ತು. 1850ರ ದಶಕದ ನಡುವಿನಿಂದ ಬೆಲೆಗಳು ಏರತೊಡಗಿದಂತೆ ಅದೇ ರೂಪಾಯಿ ಕಂದಾಯಕ್ಕೆ ಕಡಿಮೆ ಕಾಳು ಸಾಕಾಯಿತು. ಯಾವ ಅಧಿಕಾರಿಯೂ ಕಂದಾಯ ಇಳಿಸದೆಯೇ ಅದರ ಭಾರ ಇಳಿಯಿತು. 1870ರ ದಶಕದಲ್ಲಿ ಮೊದಲಾದ ಮರುಪರಿಷ್ಕರಣೆಯಲ್ಲಿ ಸರಕಾರ ಈ ಏರಿದ ಬೆಲೆಗಳನ್ನೇ ಮುಂದೆ ಮಾಡಿ ದರ ಹೆಚ್ಚಿಸಿತು. ಹಾಗಾಗಿ ಬೆಳ್ಳಿ ತಂದ ನೆಮ್ಮದಿ ಒಂದು ತಲೆಮಾರಿಗೆ ಮಾತ್ರ ಸಿಕ್ಕಿದ್ದು.

ಆದರೆ 1861-65ರ ಹತ್ತಿಯ ಬೆಲೆಯನ್ನು ಚಿನ್ನದ ಲೆಕ್ಕಕ್ಕೆ ಸೇರಿಸಬಾರದು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಬಾರದೆ ಲಂಕಾಶೈರಿನ ಗಿರಣಿಗಳು ನಿಂತವು. ಲಿವರ್‌ಪೂಲ್‌ನಲ್ಲಿ ಹತ್ತಿಯ ಬೆಲೆ ಮೂರು ನಾಲ್ಕು ಪಟ್ಟಾಯಿತು. ಭಾರತದ ಹತ್ತಿ ರಫ್ತಿನ ಮೌಲ್ಯ 1859-60ರಲ್ಲಿ ಐದೂವರೆ ಕೋಟಿ ರೂಪಾಯಿಯ ಆಸುಪಾಸು ಇದ್ದದ್ದು 1864-65ರಲ್ಲಿ 37 ಕೋಟಿಯ ಗಡಿ ದಾಟಿತು. ರೈತರು ಚಕ್ಕಡಿಯ ಗಾಲಿಗೆ ಬೆಳ್ಳಿಯ ಪಟ್ಟಿ ಹೊಡೆಸಿದರು ಎಂಬ ಕತೆ ಹುಟ್ಟಿದ್ದು ಆ ವರ್ಷಗಳಲ್ಲೇ. ಅದು ಎಷ್ಟರ ಮಟ್ಟಿಗೆ ನಿಜವೋ, ಕೇಳಲಂತೂ ಚೆನ್ನಾಗಿದೆ. 1865ರಲ್ಲಿ ಯುದ್ಧ ಮುಗಿಯುತ್ತಲೇ ಮುಂಬಯಿಯಲ್ಲಿ ಬ್ಯಾಂಕುಗಳು, ಷೇರು ಕಂಪನಿಗಳು ಉರುಳಿಬಿದ್ದವು.

ಬೆಲೆಯೇರಿಕೆ ಕಂಡಾಗ ಅದು ಹಣದಿಂದ ಬಂದದ್ದೋ ಸರಕಿನಿಂದ ಬಂದದ್ದೋ ಎಂದು ಗುರುತಿಸುವ ಬಗೆ ಈ ಎರಡು ಉದಾಹರಣೆಗಳಿಂದಲೇ ಸಿಗುತ್ತದೆ. ಹತ್ತಿಯ ಏರಿಕೆ ಒಂದೇ ಸರಕಿನದು. ಯುದ್ಧದೊಂದಿಗೆ ಬಂತು, ಯುದ್ಧದೊಂದಿಗೆ ಹೋಯಿತು. ಮಳೆ ಹೋದ ವರ್ಷ ಜೋಳದ ಬೆಲೆ ಹಾರುತ್ತದೆ. ಮುಂದಿನ ಸುಗ್ಗಿ ಚೆನ್ನಾಗಿ ಬಂದರೆ ಇಳಿಯುತ್ತದೆ, ಆ ಹೊತ್ತಿಗೆ ಬಟ್ಟೆಗೂ ಎತ್ತಿಗೂ ಬೆಲೆ ಏರಿರುವುದಿಲ್ಲ. ಎತ್ತಿನ ಬೆಲೆಯಂತೂ ಬರದಲ್ಲಿ ಕುಸಿದಿರುತ್ತದೆ. ಹಣದಿಂದ ಬಂದ ಏರಿಕೆ ನಿಧಾನದ್ದು. ಹತ್ತಾರು ವರ್ಷ ಎಡೆಬಿಡದೆ ನಡೆದು, ಒಂದಕ್ಕೊಂದು ಸಂಬಂಧವಿಲ್ಲದ ಸರಕುಗಳನ್ನೂ ಕೂಲಿಯನ್ನೂ ಎತ್ತುತ್ತದೆ, ಒಂದೇ ಲೋಹದ ಹಣ ಇರುವ ದೂರದೇಶಗಳಲ್ಲೂ ಅದೇ ದಿಕ್ಕಿಗೆ ಸಾಗುತ್ತದೆ. ವಿದೇಶಕ್ಕೆ ಹೋಗುವ ಹತ್ತಿಯ ಬೆಲೆಯನ್ನಷ್ಟೇ ನೋಡುವವನಿಗೆ ಇದು ತಿಳಿಯುವುದಿಲ್ಲ. ಬ್ಯಾಡಗಿ ಸೀಮೆಯ ಮೆಣಸಿನಕಾಯಿಯಂತೆ ಲಿವರ್‌ಪೂಲಿನ ಪೇಟೆಗೆ ಬಾರದ ಸರಕಿನ ಬೆಲೆಯನ್ನೂ ಊರಿನ ಕೂಲಿಯನ್ನೂ ಜೊತೆಗಿಟ್ಟು ನೋಡಬೇಕು.

1873ರ ನಂತರ ಗಾಳಿ ತಿರುಗಿತು. ಫ್ರಾನ್ಸನ್ನು ಗೆದ್ದ ಜರ್ಮನಿ ಚಿನ್ನದ ಪ್ರಮಾಣಕ್ಕೆ ಬದಲಾಗಿ ತನ್ನ ಹಳೆಯ ಬೆಳ್ಳಿಯನ್ನು ಮಾರತೊಡಗಿತು. ಅಮೆರಿಕ 1873ರ ಕಾಯಿದೆಯಲ್ಲಿ ಬೆಳ್ಳಿ ಡಾಲರನ್ನು ಕೈಬಿಟ್ಟಿತು. ಫ್ರಾನ್ಸ್ ಮತ್ತು ಅದರ ನೆರೆಯ ದೇಶಗಳು ಬೆಳ್ಳಿ ನಾಣ್ಯ ಒತ್ತುವುದನ್ನು ಮೊದಲು ಮಿತಗೊಳಿಸಿ ಆಮೇಲೆ ನಿಲ್ಲಿಸಿದವು. ಎಲ್ಲರಿಗೂ ಚಿನ್ನವೇ ಬೇಕಾದ ಹೊತ್ತಿನಲ್ಲೇ ಕ್ಯಾಲಿಫೋರ್ನಿಯಾ, ವಿಕ್ಟೋರಿಯಾಗಳಲ್ಲಿ ಹೊಳೆಯ ಮರಳಿನಲ್ಲಿ ಸುಲಭವಾಗಿ ಸಿಗುತ್ತಿದ್ದ ಚಿನ್ನ ಬರಿದಾಗುತ್ತ ಬಂದಿತ್ತು. ಉತ್ಪಾದನೆ 1880ರ ದಶಕದ ಮೊದಲರ್ಧದಲ್ಲಿ ವರ್ಷಕ್ಕೆ 155 ಟನ್ನಿನಷ್ಟಕ್ಕೆ ಇಳಿಯಿತು. ಸಾವರ್‌ಬೆಕ್ ಸೂಚ್ಯಂಕ 1873ರ 111ರಿಂದ 1896ರ 61ಕ್ಕೆ ಜಾರಿತು. ಈ ಇಳಿಕೆಯೆಲ್ಲ ಚಿನ್ನದ ಅಭಾವದಿಂದಲೇ ಆಯಿತೆಂದು ಹೇಳುವಂತಿಲ್ಲ. ಉಗಿಹಡಗು, ರೈಲು, ಸೂಯೆಜ್ ಕಾಲುವೆ, ಅಮೆರಿಕದ ಹೊಸ ಗೋಧಿ ಹೊಲಗಳು ಸರಕುಗಳನ್ನು ತಾವಾಗಿಯೇ ಅಗ್ಗ ಮಾಡಿದವು. ಆದರೆ ಚಿನ್ನ ಹೇರಳವಾಗಿದ್ದಿದ್ದರೆ ಆ ಅಗ್ಗತನ ಇಷ್ಟು ಎದ್ದು ಕಾಣುತ್ತಿರಲಿಲ್ಲ.

ಹಾವೇರಿ ಸೀಮೆಗೆ ಈ ಇಳಿಕೆ ಬಹುಪಾಲು ತಟ್ಟಲೇ ಇಲ್ಲ. ಬೆಳ್ಳಿ ಕುಸಿಯುತ್ತ ಹೋದಂತೆ ರೂಪಾಯಿಯೂ ಅದರೊಂದಿಗೆ ಕುಸಿಯಿತು. 1873-74ರಲ್ಲಿ ಒಂದು ರೂಪಾಯಿಗೆ 22 ಪೆನ್ಸ್‌ಗಿಂತ ಸ್ವಲ್ಪ ಹೆಚ್ಚು ಸಿಗುತ್ತಿತ್ತು. 1894-95ರಲ್ಲಿ 13 ಪೆನ್ಸ್‌ನಷ್ಟು ಮಾತ್ರ. 1873ರಲ್ಲಿ ಲಂಡನ್ನಿನಲ್ಲಿ 10 ಪೌಂಡಿಗೆ ಮಾರುತ್ತಿದ್ದ ಸರಕೊಂದನ್ನು ತೆಗೆದುಕೊಳ್ಳೋಣ. 10 ಪೌಂಡ್ ಎಂದರೆ 2,400 ಪೆನ್ಸ್. ಆಗಿನ ದರಕ್ಕೆ ಅದು 107 ರೂಪಾಯಿ. ಆ ಸರಕಿನ ಬೆಲೆ ಸೂಚ್ಯಂಕದಷ್ಟೇ ಇಳಿಯಿತು ಎಂದಿಟ್ಟುಕೊಂಡರೆ 1894ರಲ್ಲಿ, ಸೂಚ್ಯಂಕ 63 ಇದ್ದಾಗ, ಅದಕ್ಕೆ ಸಿಗುವುದು 5 ಪೌಂಡ್ 13 ಶಿಲ್ಲಿಂಗ್. ಲಂಡನ್ನಿನ ಮಾರಾಟಗಾರನಿಗೆ ಹೆಚ್ಚುಕಡಿಮೆ ಅರ್ಧದಷ್ಟು ನಷ್ಟ. ಅದೇ ಹಣವನ್ನು ರೂಪಾಯಿಗೆ ಪರಿವರ್ತಿಸಿದರೆ ಬರುವುದು 104. ಇಪ್ಪತ್ತು ವರ್ಷಗಳಲ್ಲಿ ಇಂಗ್ಲೆಂಡಿನ ಬೆಲೆ ಶೇಕಡಾ 43 ಬಿದ್ದರೆ ರೂಪಾಯಿಯಲ್ಲಿ ಅದು ಮೂರು ರೂಪಾಯಿಯ ವ್ಯತ್ಯಾಸ. ಇದು ಸರಾಸರಿ ಸರಕಿನ ಲೆಕ್ಕ. ಹತ್ತಿಯ ಬೆಲೆ ಇದಕ್ಕಿಂತ ಹೆಚ್ಚು ಬಿದ್ದಿದ್ದರಿಂದ ರಾಣೆಬೆನ್ನೂರಿನ ಅಡತಿ ಅಂಗಡಿಗೆ ನಷ್ಟವೇ ಆಗಲಿಲ್ಲ ಎನ್ನಲಾಗದು. ಆದರೆ ಅದೇ ವರ್ಷಗಳಲ್ಲಿ ಅಮೆರಿಕದ ಕನ್ಸಾಸ್‌ನ ರೈತ ಅನುಭವಿಸಿದ ಸಾಲದ ಇಕ್ಕಳ ಇಲ್ಲಿ ಆ ಕಾರಣಕ್ಕೆ ಬೀಳಲಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಹಾಯ್ದು ಹರಿಹರಕ್ಕೆ ಬಂದ ಮೇಲೆ ಕುಮಟಾ ದಾರಿಯ ಚಕ್ಕಡಿ ಬಾಡಿಗೆಯೂ ಉಳಿಯಿತು. ಸಾವಕಾರನ ಸಾಲದ ಕಷ್ಟಗಳು ಬೇರೆ. ಅವುಗಳ ಮೂಲ ಬರ, ಬಡ್ಡಿ, ಕಂದಾಯದಲ್ಲಿತ್ತು.

ತಟ್ಟಿದ್ದು ಬಂಗಾರ ಕೊಳ್ಳುವವರಿಗೆ. ಲಂಡನ್ನಿನಲ್ಲಿ ಚಿನ್ನದ ಬೆಲೆ ಕದಲದಿದ್ದರೂ ರೂಪಾಯಿಯಲ್ಲಿ ಅದು ಏರುತ್ತ ಹೋಯಿತು. ವಿನಿಮಯ ದರದಿಂದ ಲೆಕ್ಕ ಹಾಕಿದರೆ ಒಂದು ತೊಲ ಅಪ್ಪಟ ಚಿನ್ನ 1873ರಲ್ಲಿ ಸುಮಾರು 17 ರೂಪಾಯಿ, 1894ರಲ್ಲಿ ಸುಮಾರು 29 ರೂಪಾಯಿ. ಬೆಲೆ ಬಂದಾಗ ಮಾರುವುದು ಭಾರತೀಯರಿಗೂ ಗೊತ್ತಿತ್ತು. ಸದಾ ಚಿನ್ನ ನುಂಗುವ ದೇಶವೆಂದು ಹೆಸರಾದ ಭಾರತ 1892-93ರಲ್ಲಿ ತಾನು ತರಿಸಿದ್ದಕ್ಕಿಂತ ಹೆಚ್ಚು ಚಿನ್ನವನ್ನು ಹೊರಗೆ ಕಳಿಸಿತು.

ಚಿನ್ನ ದುಬಾರಿಯಾದದ್ದೇ ಅದನ್ನು ಅಗೆಯುವವರನ್ನು ಹುಟ್ಟಿಸಿತು. ಮಿಕ್ಕೆಲ್ಲದರ ಬೆಲೆ ಬಿದ್ದು ಚಿನ್ನದ ಬೆಲೆ ಮಾತ್ರ ಕಾನೂನಿನಿಂದ ನಿಂತಿರುವಾಗ ಉಗಿಯಂತ್ರ, ಕಬ್ಬಿಣ, ಸಿಡಿಮದ್ದು ಎಲ್ಲವೂ ಗಣಿಗಾರನಿಗೆ ಅಗ್ಗ. ಮೊದಲು ದಕ್ಕದ ಅದಿರು ಈಗ ದಕ್ಕುತ್ತದೆ. ಬೆಲೆಗಳು ಏರುವ ಕಾಲದಲ್ಲಿ ಇದು ತಿರುವುಮುರುವು: ಖರ್ಚು ಏರಿ ಬಡ ಗಣಿಗಳು ಮುಚ್ಚುತ್ತವೆ. ಚಿನ್ನದ ಪ್ರಮಾಣಕ್ಕೆ ಹೀಗೊಂದು ತನ್ನಷ್ಟಕ್ಕೆ ಸರಿಹೋಗುವ ಗುಣವಿದೆ ಎಂದು ಅದರ ಸಮರ್ಥಕರು ಹೇಳುತ್ತಿದ್ದರು. ಮಾತು ಸುಳ್ಳಲ್ಲ. ಆದರೆ ಸರಿಹೋಗಲು ಇಪ್ಪತ್ತು ಇಪ್ಪತ್ತೈದು ವರ್ಷ ಬೇಕಾಯಿತು ಎಂಬುದನ್ನು ಅವರು ಅಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ.

ಇದಕ್ಕೆ ಕನ್ನಡನಾಡಿನ ಕೋಲಾರದಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ನ್ಯೂಜಿಲೆಂಡಿನ ಯುದ್ಧದಿಂದ ಮರಳಿ ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೆಲ್ ಲವೆಲ್ 1870ರ ದಶಕದಲ್ಲಿ ಮೈಸೂರು ಸರಕಾರದಿಂದ ಅಲ್ಲಿ ಗಣಿ ತೋಡುವ ಹಕ್ಕು ಪಡೆದ. 1880ರ ಆಸುಪಾಸಿನಲ್ಲಿ ವೈನಾಡಿನ ಚಿನ್ನದ ಹೆಸರಿನಲ್ಲಿ ಲಂಡನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿ ಹಣ ಕಳೆದುಕೊಂಡವು. ಅದೇ ಉಬ್ಬರದಲ್ಲಿ ಶುರುವಾದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯೂ ಮುಚ್ಚುವ ಸ್ಥಿತಿಗೆ ಬಂತು. ಜಾನ್ ಟೇಲರ್ ಅಂಡ್ ಸನ್ಸ್ ಉಳಿದ ಹಣದಲ್ಲಿ ಇನ್ನಷ್ಟು ಆಳಕ್ಕೆ ತೋಡಿಸಿದಾಗ ಚಾಂಪಿಯನ್ ಸಾಲು ಸಿಕ್ಕಿತು. ಕೋಲಾರದ ಗಣಿಗೆ ಇನ್ನೊಂದು ಅನುಕೂಲವಿತ್ತು. ಅದು ಚಿನ್ನ ಮಾರುತ್ತಿದ್ದದ್ದು ಪೌಂಡಿಗೆ, ಕೂಲಿ ಕೊಡುತ್ತಿದ್ದದ್ದು ರೂಪಾಯಿಯಲ್ಲಿ. ಒಂದು ಪೌಂಡಿಗೆ 1873ರಲ್ಲಿ ಹನ್ನೊಂದು ರೂಪಾಯಿಯೂ ಸಿಗುತ್ತಿರಲಿಲ್ಲ. 1894ರಲ್ಲಿ ಹದಿನೆಂಟು ಸಿಗುತ್ತಿತ್ತು. ದಿನಗೂಲಿ ಅದಕ್ಕೆ ತಕ್ಕಂತೆ ಏರಲಿಲ್ಲ. ಕೋಲಾರದ ಷೇರುದಾರರ ಲಾಭದಲ್ಲಿ ಅದಿರಿನ ಪಾಲಿನ ಜೊತೆಗೆ ಬಿದ್ದ ರೂಪಾಯಿಯ ಪಾಲೂ ಇತ್ತು.

ಹಾವೇರಿಯ ನೆರೆಯಲ್ಲೂ ಚಿನ್ನದ ಸುಳಿವು ಇಲ್ಲದಿರಲಿಲ್ಲ. ಗದಗಿನ ಹತ್ತಿರದ ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳಲ್ಲಿ ಜಲಗಾರರು ಮಳೆಗಾಲದ ನಂತರ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಡಂಬಳ ಗುಡ್ಡಗಳ ಚಿನ್ನದ ಬಂಡೆಗಳ ಬಗ್ಗೆ ವರದಿ ಬರೆದ. ಕೋಲಾರ, ಹಟ್ಟಿ, ಕಪ್ಪತಗುಡ್ಡಗಳ ಚಿನ್ನವೆಲ್ಲ ಇರುವ ಬಂಡೆಗಳ ಸಮೂಹಕ್ಕೆ ಧಾರವಾಡದ ಹೆಸರನ್ನೇ ಮುಂದೆ ಅವನು ಇಟ್ಟ. 20ನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಕಂಪನಿಗಳು ಕಪ್ಪತಗುಡ್ಡದಲ್ಲಿ ಗಣಿ ತೋಡಿ, ಖರ್ಚು ಹುಟ್ಟದೆ ಕೈಬಿಟ್ಟವು. ಬೆಲೆಗಳು ಮತ್ತೆ ಏರುತ್ತಿದ್ದ ಕಾಲ ಅದು. ಬಡ ಅದಿರಿಗೆ ಸರಿಯಾದ ಹೊತ್ತಲ್ಲ. ಹಾವೇರಿಗೆ ಹತ್ತಿರದ ಗಣಜೂರಿನ ನಿಕ್ಷೇಪವಂತೂ ನಮ್ಮ ಕಾಲದ ಶೋಧ.

ಭಾರತ ಸರಕಾರ ಪ್ರತಿವರ್ಷ ಲಂಡನ್ನಿಗೆ ಪಿಂಚಣಿ, ಬಡ್ಡಿ, ಸೈನ್ಯದ ಖರ್ಚುಗಳನ್ನು ಪೌಂಡಿನಲ್ಲಿ ಕಟ್ಟಬೇಕಿತ್ತು. ರೂಪಾಯಿ ಬಿದ್ದಷ್ಟೂ ಆ ಹೊರೆ ಏರಿತು. ಹರ್ಷೆಲ್ ಸಮಿತಿಯ ಸಲಹೆಯಂತೆ 1893ರ ಜೂನ್ 26ರಂದು ಖಾಸಗಿಯವರ ಬೆಳ್ಳಿಗೆ ಟಂಕಸಾಲೆಯ ಬಾಗಿಲು ಮುಚ್ಚಲಾಯಿತು. ಹೊಸ ನಾಣ್ಯ ಬಾರದೆ ರೂಪಾಯಿ ವಿರಳವಾಗಿ ನಿಧಾನಕ್ಕೆ ಮೇಲೇರಿ 1898ರ ಹೊತ್ತಿಗೆ 16 ಪೆನ್ಸ್‌ಗೆ ಬಂತು. 1899ರಲ್ಲಿ ಬ್ರಿಟಿಷ್ ಪೌಂಡ್ ನಾಣ್ಯವನ್ನು 15 ರೂಪಾಯಿಗೆ ಚಲಾವಣೆಗೆ ತಂದು ಈ ದರವನ್ನೇ ಗಟ್ಟಿಮಾಡಲಾಯಿತು.

ಈ ತೀರ್ಮಾನದ ಪೆಟ್ಟು ಬಿದ್ದದ್ದು ಹಳ್ಳಿಯ ಬೆಳ್ಳಿಯ ಮೇಲೆ. ರೈತ ಒಳ್ಳೆಯ ವರ್ಷದಲ್ಲಿ ಉಳಿಸಿದ ರೂಪಾಯಿಯನ್ನು ಹೆಂಡತಿಯ ಕಾಲಗಡಗ, ಡಾಬು, ತೋಳಬಂದಿ ಮಾಡಿಸುತ್ತಿದ್ದ. ಕೆಟ್ಟ ವರ್ಷದಲ್ಲಿ ಅದನ್ನು ಮಾರುತ್ತಿದ್ದ. 1876-78ರ ಭೀಕರ ಬರದಲ್ಲಿ ಅಂಥ ಒಡವೆಗಳು ಮುಂಬಯಿ ಟಂಕಸಾಲೆಗೆ ರಾಶಿಯಾಗಿ ಬಂದವು. ಅಂದು ಟಂಕಸಾಲೆ ತೆರೆದಿತ್ತು. ಒಂದು ತೊಲದ ಬೆಳ್ಳಿಗೆ ಒಂದು ರೂಪಾಯಿ ಎಂಬ ಲೆಕ್ಕ ದಲಾಲಿ ಕಳೆದು ಬಹುಪಾಲು ನಿಂತಿತು. 1896-97ರಲ್ಲಿ, ಮತ್ತೆ 1899-1900ರಲ್ಲಿ ಬರ ಬಂದಾಗ ಆ ಬಾಗಿಲಿರಲಿಲ್ಲ. ಲಂಡನ್ನಿನಲ್ಲಿ ಬೆಳ್ಳಿಯ ಬೆಲೆ ಔನ್ಸಿಗೆ 27 ಪೆನ್ಸ್‌ನಷ್ಟಿತ್ತು. ರೂಪಾಯಿಯಲ್ಲಿರುವಷ್ಟು ಬೆಳ್ಳಿಗೆ ಆ ದರದಲ್ಲಿ ಸುಮಾರು 10 ಪೆನ್ಸ್, ಎಂದರೆ ಹತ್ತಾಣೆ. ರೂಪಾಯಿ ಕೊಟ್ಟು ಮಾಡಿಸಿದ ಒಡವೆ, ಮಾಡಿಸಿದ ಕೂಲಿ ಬಿಟ್ಟರೂ, ಹದಿನಾರಾಣೆಗೆ ಹತ್ತಾಣೆಯಾಗಿ ಮರಳಿ ಬಂತು. ಸಮಿತಿಯ ಮುಂದೆ ಈ ಆಕ್ಷೇಪ ಬಂದೇ ಇತ್ತು. ಸರಕಾರದ ಬಜೆಟ್ ಉಳಿಯಿತು, ಬಡವರ ಆಪದ್ಧನ ಕರಗಿತು ಎಂದರೆ ಅತಿಶಯೋಕ್ತಿಯಾಗದು.

ರೂಪಾಯಿ ಚಿನ್ನಕ್ಕೆ ಕಟ್ಟಿಕೊಂಡ ಹೊತ್ತಿಗೇ ಚಿನ್ನದ ಎರಡನೆಯ ಅಲೆ ಬರುತ್ತಿತ್ತು. 1886ರಲ್ಲಿ ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರ‍್ಯಾಂಡ್, 1892-93ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕೂಲ್‌ಗಾರ್ಡಿ ಮತ್ತು ಕಾಲ್‌ಗೂರ್ಲಿ, 1896ರಲ್ಲಿ ಕೆನಡಾದ ಕ್ಲಾಂಡೈಕ್. ಕ್ಲಾಂಡೈಕ್ ಹೆಸರು ಮಾಡಿತು, ರ‍್ಯಾಂಡ್ ಚಿನ್ನ ಕೊಟ್ಟಿತು. ರ‍್ಯಾಂಡಿನ ಅದಿರಿನಲ್ಲಿ ಚಿನ್ನದ ಕಣಗಳು ಅತಿ ಸಣ್ಣವು. ಪಾದರಸ ಹಿಡಿಯದೆ ಬಿಟ್ಟ ಚಿನ್ನ ಪುಡಿಯೊಂದಿಗೇ ಹೊರಗೆ ಹೋಗುತ್ತಿತ್ತು. ಗ್ಲಾಸ್ಗೋದ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು 1887ರಲ್ಲಿ ಪೇಟೆಂಟ್ ಪಡೆದ ಸೈನೈಡ್ ವಿಧಾನದಲ್ಲಿ ಆ ಪುಡಿಯನ್ನು ತೆಳುವಾದ ಸೈನೈಡ್ ದ್ರಾವಣದಲ್ಲಿ ನೆನೆಸಿ ಚಿನ್ನವನ್ನು ಕರಗಿಸಿ, ಸತುವಿನ ಚೂರುಗಳ ಮೇಲೆ ಮತ್ತೆ ಇಳಿಸುತ್ತಿದ್ದರು. ಎಸೆದ ಗುಡ್ಡೆಯೇ ಗಣಿಯಾಯಿತು. ಕೋಲಾರವೂ ಈ ವಿಧಾನ ತಂದುಕೊಂಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಅಲ್ಲಿಗೆ ಬಂತು. 1905ರ ಸುಮಾರಿಗೆ ಅದರ ವಾರ್ಷಿಕ ಉತ್ಪಾದನೆ ಆರು ಲಕ್ಷ ಔನ್ಸ್ ದಾಟಿತು. ಅದು ಆಗಿನ ಜಗತ್ತಿನ ಉತ್ಪಾದನೆಯಲ್ಲಿ ನೂರಕ್ಕೆ ಮೂರರಷ್ಟು. ಲಂಡನ್ನಿಗೆ ಹೋದ ಕೋಲಾರದ ಚಿನ್ನ ಜಗತ್ತಿನ ಬೆಲೆಗಳನ್ನು ಅಷ್ಟರಮಟ್ಟಿಗೆ ಎತ್ತಿತು ಎನ್ನಬಹುದು.

ಸಾವರ್‌ಬೆಕ್ ಸೂಚ್ಯಂಕ 1896ರ 61ರಿಂದ 1913ರಲ್ಲಿ 85ಕ್ಕೆ ಬಂತು. ಈ ಸಲ ಹಾವೇರಿಗೂ ಲಂಡನ್ನಿಗೂ ನಡುವೆ ಬೆಳ್ಳಿಯ ತಡೆಯಿರಲಿಲ್ಲ. 1898ರಿಂದ ದರ 16 ಪೆನ್ಸ್‌ನಲ್ಲೇ ನಿಂತಿದ್ದರಿಂದ, ಲಂಡನ್ನಿನಲ್ಲಿ 10 ಪೌಂಡ್ ಬೆಲೆಯ ಸರಕು 14 ಪೌಂಡಿಗೆ ಏರಿದರೆ, 15ರ ದರದಲ್ಲಿ 150 ರೂಪಾಯಿಯಿದ್ದದ್ದು 210 ರೂಪಾಯಿಯಾಗುತ್ತದೆ. ಹತ್ತಿ ಬೆಳೆದವನಿಗೆ, ಸಾಲ ತೀರಿಸುವವನಿಗೆ ಇದು ಅನುಕೂಲ. ಮೂವತ್ತು ವರ್ಷದ ಕಂದಾಯ ಮತ್ತೆ ಹಗುರಾಯಿತು. ಜೋಳ ಕೊಂಡು ತಿನ್ನುವ ಕೂಲಿಕಾರನಿಗೆ, ಸಂಬಳದ ಗುಮಾಸ್ತನಿಗೆ, ಮಾಸ್ತರನಿಗೆ ಇದು ಕಷ್ಟ. ದೂರು ಹೆಚ್ಚಿದ್ದರಿಂದ ಸರಕಾರ 1910ರಲ್ಲಿ ಕೆ. ಎಲ್. ದತ್ತಾ ಅವರನ್ನು ಬೆಲೆಯೇರಿಕೆಯ ವಿಚಾರಣೆಗೆ ನೇಮಿಸಿತು.

1914ರಲ್ಲಿ ಪ್ರಕಟವಾದ ಅವರ ವರದಿ ಭಾರತದ ಬೆಲೆಗಳು ಇತರ ದೇಶಗಳಿಗಿಂತ ಹೆಚ್ಚು ಏರಿವೆ ಎಂದು ಕಂಡುಕೊಂಡಿತು. ಹಾಗಿದ್ದರೆ ಚಿನ್ನವೊಂದೇ ಕಾರಣವಾಗಿರಲಾರದು. ಹೊಸ ಚಿನ್ನ ಎಲ್ಲ ದೇಶಗಳಿಗೂ ಸಮಾನ. ಅದಕ್ಕಿಂತ ಮಿಗಿಲಾದ ಏರಿಕೆಗೆ ಇಲ್ಲಿನದೇ ಕಾರಣ ಇರಬೇಕು. ಆಹಾರಧಾನ್ಯದ ಬೆಳೆ ಬೇಡಿಕೆಯಷ್ಟು ಬೆಳೆಯದಿದ್ದದ್ದು, ರೈಲಿನಿಂದ ಒಳನಾಡಿನ ಧಾನ್ಯ ದೂರದ ಪೇಟೆಗೆ ಸುಲಭವಾಗಿ ಹೋಗುವಂತಾದದ್ದು, ಹಣ ಮತ್ತು ಸಾಲದ ವಿಸ್ತರಣೆ ಇವನ್ನು ದತ್ತಾ ಎಣಿಸಿದರು. ಇದರಲ್ಲಿ ಕೊನೆಯದು, ಸರಕಾರವೇ ಬೇಕೆಂದಾಗ ರೂಪಾಯಿ ಒತ್ತುವ ಹೊಸ ವ್ಯವಸ್ಥೆಯ ಫಲ ಎಂಬ ವಾದವೂ ಆಗ ನಡೆಯಿತು. ಅದೇ ವರ್ಷ ಆಗಸ್ಟಿನಲ್ಲಿ ಯುದ್ಧ ಆರಂಭವಾಯಿತು. ಯುರೋಪಿನ ದೇಶಗಳು ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿದವು. ಆಮೇಲಿನ ನಾಲ್ಕು ವರ್ಷಗಳಲ್ಲಿ ನೋಟಿನ ಅಚ್ಚು ಬೆಲೆಗಳನ್ನು ಎಷ್ಟು ಏರಿಸಿತೆಂದರೆ, ಕ್ಯಾಲಿಫೋರ್ನಿಯಾದಿಂದ ಕೋಲಾರದವರೆಗಿನ ಗಣಿಗಳೆಲ್ಲ ಸೇರಿ ಯಾವ ನಾಲ್ಕು ವರ್ಷಗಳಲ್ಲೂ ಅಷ್ಟು ಏರಿಸಿರಲಿಲ್ಲ.